ತುಂಬಿದ ಬ್ಯಾಟರಿ, ಉಪವಾಸದ ಲ್ಯಾಪ್‌ಟಾಪ್

ಪರದೆಯ ಮೂಲೆಯಲ್ಲಿ ನೂರು ಪರ್ಸೆಂಟ್ ಅಂತ ತೋರಿಸುತ್ತಿತ್ತು. ಚಾರ್ಜರಿನ ಪಿನ್ನು ಕಿತ್ತೆ. ಸತ್ತಿತು. ಮಿಣುಕಲಿಲ್ಲ, ಎಚ್ಚರಿಕೆ ಕೊಡಲಿಲ್ಲ, ಫ್ಯಾನು ಕೂಡ ಅರ್ಧ ಸುತ್ತಿನಲ್ಲೇ ನಿಂತಿತು.

"ನೋಡ್ದೇನ್ ತಂಗಿ?" ಕೌಂಟರಿನ ಆಚೆ ನಿಂತ ಅಂಜಿನೇಯ ಎರಡೂ ಕೈ ಮೇಲೆತ್ತಿದ. "ನಿಮ್ಮ ಹೊಸ ಬ್ಯಾಟರಿ ಮಾಡೋ ಮಸ್ತ್ ಕೆಲಸ ನೋಡ್ದೇನು? ಒಂದ್ ಬ್ಯಾಟರಿ ಹಾಕಿದ್ರಿ, ಹೋತು. ಇನ್ನೊಂದ್ ಹಾಕಿದ್ರಿ, ಅದೂ ಹೋತು. ಈಗ ನನ್ನೇ ಹಾಕ್ಕೊಂಡ್ಬಿಡ್ರಿ ಅದರೊಳಗ."

ಹೊಸಪೇಟೆಯ ಕಾಲೇಜು ರಸ್ತೆಯಲ್ಲಿ ನಮ್ಮ ಸೋದರಮಾವ ಪಾಲಪ್ಪನ ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ಡಿಪ್ಲೊಮಾ ಮುಗಿಸಿದ ಮೇಲೆ ನಾನು ಅಲ್ಲೇ ಕೂರುತ್ತೇನೆ. ಅಂಜಿನೇಯ ನಮ್ಮ ಹಳೆಯ ಗಿರಾಕಿ. ಸಂಡೂರಿನ ಆಚೆ ಯಶವಂತನಗರದ ಗಣಿ ಯಾರ್ಡುಗಳಲ್ಲಿ ಟಿಪ್ಪರ್ ಲಾರಿಗಳನ್ನು ಸ್ಕ್ಯಾನ್ ಮಾಡುವವನು. ಈಗಿನ ಲಾರಿಗಳು ಸ್ಪ್ಯಾನರಿಗೆ ಬಗ್ಗುವುದಿಲ್ಲ. ಕ್ಯಾಬಿನ್ನಿನಲ್ಲಿರುವ ಸಾಕೆಟ್ಟಿಗೆ ವಯರು ಚುಚ್ಚಿ, ಲ್ಯಾಪ್‌ಟಾಪಿನಲ್ಲಿ ಓದಬೇಕು, ಬೇಕಾದರೆ ಗಾಡಿಯ ಕಂಪ್ಯೂಟರಿಗೆ ಹೊಸ ಸೆಟ್ಟಿಂಗು ಬರೆಯಬೇಕು. ಯಾರ್ಡಿನ ನಡುವೆ ಪ್ಲಗ್ ಪಾಯಿಂಟು ಎಲ್ಲಿರುತ್ತದೆ? ಲಾರಿಯ ಬ್ಯಾಟರಿಗೇ ಕ್ಲಿಪ್ಪು ಕಚ್ಚಿಸಿ, ಇನ್ವರ್ಟರ್ ಇಟ್ಟು, ಅದರಿಂದ ಚಾರ್ಜರ್ ಓಡಿಸುತ್ತಾನೆ. ಆದರೆ ಸ್ಟಾರ್ಟರ್ ತಿರುಗಿಸಿದ ಕೂಡಲೇ ಲಾರಿಯ ಬ್ಯಾಟರಿ ಉಸಿರು ಬಿಗಿಹಿಡಿಯುತ್ತದೆ, ಇನ್ವರ್ಟರ್ ಕೀರಲಿಟ್ಟು ಬಂದ್ ಆಗುತ್ತದೆ. ಆ ಹೊತ್ತಿನಲ್ಲಿ ಲ್ಯಾಪ್‌ಟಾಪ್ ತನ್ನ ಬ್ಯಾಟರಿಯ ಮೇಲೆಯೇ ನಿಲ್ಲಬೇಕು.

ಹೋದ ವಾರ ನಿಂತಿರಲಿಲ್ಲ. ಬರೆಯುವ ಕೆಲಸ ಅರ್ಧವಾಗಿದ್ದಾಗ ಇನ್ವರ್ಟರಿನ ಕ್ಲಿಪ್ಪು ಅಲುಗಿ, ಲ್ಯಾಪ್‌ಟಾಪ್ ಸತ್ತು, ಟಿಪ್ಪರಿನ ಕಂಪ್ಯೂಟರಿನಲ್ಲಿ ಅರ್ಧ ಹಳೆಯದು ಅರ್ಧ ಹೊಸದು ಉಳಿದು ಗಾಡಿ ನಿಂತುಬಿಟ್ಟಿತ್ತು.

"ನಾಳೆ ಬೆಳಿಗ್ಗೆ ಎಬ್ಬಿಸ್ಲಿಲ್ಲಂದ್ರ ಬಳ್ಳಾರಿಯಿಂದ ಬ್ಯಾರೆಯವ್ರನ್ನ ಕರಸ್ತೀನಿ ಅಂದಾನ ಯಾರ್ಡ್ ಮ್ಯಾನೇಜರ್ ಮಹಾಂತೇಶ," ಅಂಜಿನೇಯ ದನಿ ಇಳಿಸಿದ. "ಒಂದ್ ಸಲ ಬಳ್ಳಾರಿಯವ ಒಳಗ ಬಂದ ಅಂದ್ರ ಆ ಯಾರ್ಡ್ ನನಗ ಮುಗೀತು ತಂಗಿ. ಬಾಯಿಮಾತಿನ ಮ್ಯಾಲ ನಡೆಯೋ ಕೆಲಸ ಇದು."

ಹಿಂದಿನ ಕೋಣೆಯಿಂದ ಮಾವ ಕೈ ಒರೆಸಿಕೊಳ್ಳುತ್ತ ಬಂದ. ಲ್ಯಾಪ್‌ಟಾಪನ್ನು ನೋಡಿದ, ಅಂಜಿನೇಯನನ್ನು ನೋಡಿದ. "ಡೂಪ್ಲಿಕೇಟ್ ಬ್ಯಾಟರಿ ಬಂದಾವು ಈ ಲಾಟಿನಾಗ. ಕುಂದ್ರಿ, ಬದಲ್ ಮಾಡಿ ಕೊಡ್ತೀನಿ."

"ಕುಂದ್ರಲ್ಲ! ಎಷ್ಟ್ ಸಲ ಕುಂದ್ರಬೇಕ್ರಿ ನಾನು?"

ಮಾವನ ಪದ್ಧತಿಯೇ ಹಾಗೆ. ವಯರು ಕಿತ್ತರೆ ಸಾಯುವ ಲ್ಯಾಪ್‌ಟಾಪ್ ಬಂದರೆ ಬ್ಯಾಟರಿ. ಹೊಸದು ಹಾಕಿ, ಚಾರ್ಜರ್ ಕಿತ್ತು ಪಕ್ಕಕ್ಕಿಟ್ಟು, ಎದುರಿನ ಹೋಟೆಲಿನಿಂದ ಚಹಾ ತರಿಸುತ್ತಾನೆ. ಚಹಾ ಮುಗಿಯುವವರೆಗೆ ಪರದೆ ಬೆಳಗುತ್ತಿದ್ದರೆ ಗಿರಾಕಿಯನ್ನು ಕಳಿಸುತ್ತಾನೆ. ಹತ್ತರಲ್ಲಿ ಎಂಟು ಸಲ ಅದು ಸರಿಯೇ. ಅಂಜಿನೇಯನ ಲ್ಯಾಪ್‌ಟಾಪಿನ ಮೂಲ ಬ್ಯಾಟರಿಯೂ ನಿಜವಾಗಿ ಸವೆದಿತ್ತು: ರಿಪೋರ್ಟು ತೆಗೆದಾಗ ಹೊಸತರಲ್ಲಿ ಹಿಡಿಯುತ್ತಿದ್ದ ಶಕ್ತಿಯ ಐದನೇ ಒಂದು ಭಾಗವೂ ಉಳಿದಿರಲಿಲ್ಲ, ಹೊಟ್ಟೆ ಕೂಡ ಸ್ವಲ್ಪ ಉಬ್ಬಿತ್ತು. ಅದನ್ನು ಬದಲಿಸಿದ್ದು ದಸರಾಕ್ಕೆ ಮುಂಚೆ. ಹಬ್ಬ ಕಳೆದು ಅವನು ಮತ್ತೆ ಬಂದಾಗ ಮಾವ ಎರಡನೆಯ ಹೊಸದು ಹಾಕಿ, ಚಹಾ ಕುಡಿದು, "ನೋಡ್ರಿ, ನಿಂತೈತಲ್ಲ" ಎಂದಿದ್ದ. ನಿಂತಿತ್ತು, ನಿಜ. ಖಾಲಿ ಪರದೆ ಇಟ್ಟುಕೊಂಡು, ಏನೂ ಕೆಲಸ ಮಾಡದೆ.

"ಮಾವ, ಬ್ಯಾಟರಿ ಅಲ್ಲ ಅನ್ಸ್ತದ," ಎಂದೆ.

"ಅನ್ಸ್ತದ," ಮಾವ ಅಣಕಿಸಿದ. "ನಿನಗ ಮಳಿ ಬಂದ್ರೂ ಏನೋ ಅನ್ಸ್ತದ, ಬೆಕ್ಕು ಅಡ್ಡ ಹೋದ್ರೂ ಏನೋ ಅನ್ಸ್ತದ. ಬೋರ್ಡ್ ಬಿಚ್ಚಿದ್ರ ಮುಗೀತು. ಹುಬ್ಬಳ್ಳಿಗೆ ಕಳಿಸ್ಬೇಕು, ಹದಿನೈದು ದಿನ. ನಾಳೆ ಬೆಳಿಗ್ಗೆ ಅಂದ್ರೇನ್ ಮಾಡ್ತಿ?"

ಅದೂ ಸರಿಯೇ. ಅದಕ್ಕೇ ಸಿಟ್ಟು ಬಂತು. ಅವನ ಮಾತಿನಲ್ಲಿ ತಪ್ಪು ಹುಡುಕಲಾಗದಿದ್ದಾಗ ನನಗೆ ಬರುವ ಸಿಟ್ಟೇ ಬೇರೆ.

ಅಂಗಡಿಯ ಬಿಲ್ಲು ಮಾಡುವ ಲ್ಯಾಪ್‌ಟಾಪ್ ಅದೇ ಕಂಪನಿಯದು, ಅದೇ ಮಾದರಿಯದು. ಮಾವನ ಕಣ್ಮಣಿ. ಪರದೆಯ ಮೇಲೆ ಹುಲಿಗೆಮ್ಮ ದೇವಿಯ ಚಿತ್ರ, ಕೀಲಿಗಳ ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ. ನಾನು ಅದರ ಕಡೆ ನೋಡಿದ್ದೇ ತಡ, ಮಾವನಿಗೆ ಗೊತ್ತಾಯಿತು.

"ಬ್ಯಾಡ ಲೇ ಸುಷ್ಮಿ. ಅದಕ್ಕ ಕೈ ಹಚ್ಚಬ್ಯಾಡ."

"ಈ ಅಣ್ಣನ ಬ್ಯಾಟರಿ ಅದರಾಗ ಹಾಕಿ ನೋಡ್ತೀನಿ, ಅಷ್ಟ. ಅಲ್ಲೂ ಸತ್ರ ನೀ ಹೇಳಿದ್ದ ಖರೆ. ಹೊಸ ಬ್ಯಾಟರಿ ಹಾಕಿ ಕಳಿಸೋಣ."

"ಸಾಯದಿದ್ರ?"

"ಸಾಯದಿದ್ರ ಎಷ್ಟ್ ಬ್ಯಾಟರಿ ಹಾಕಿದ್ರೂ ಅದ ಹಾಡು."

ಅಂಜಿನೇಯ ಆಗ ಸ್ಟೂಲು ಎಳೆದುಕೊಂಡು ಕುಳಿತ. "ಮಾಡ್ಲಿ ಬಿಡ್ರಿ ಪಾಲಪ್ಪಣ್ಣ. ನಂದಂತೂ ಸತ್ತೈತೆ. ನಿಮ್ಮದೂ ಒಂದ್ ಸ್ವಲ್ಪ ಸಾಯ್ಲಿ."

ಮಾವ ಗೊಣಗುತ್ತ ತಾನೇ ಸ್ಕ್ರೂ ಬಿಚ್ಚಿದ. ತನ್ನ ಲ್ಯಾಪ್‌ಟಾಪನ್ನು ನಾನು ಬಿಚ್ಚುವುದನ್ನು ನೋಡಲು ಅವನಿಗೆ ಆಗುವುದಿಲ್ಲ. ಬ್ಯಾಟರಿ ಬದಲಾಯಿಸಿದೆವು. ಈ ಸಲ ನಾನು ಖಾಲಿ ಪರದೆ ಇಡಲಿಲ್ಲ. ಬೆಳಕು ಪೂರ್ತಿ ಏರಿಸಿ, ಎರಡು ವಿಡಿಯೋ ಓಡಿಸಿ, ಪ್ರೊಸೆಸರಿಗೆ ಭಾರ ಹಾಕುವ ತಂತ್ರಾಂಶ ಹಚ್ಚಿ, ಆಮೇಲೆ ಪಿನ್ನು ಕಿತ್ತೆ. ಫ್ಯಾನು ಬುಸುಗುಡುತ್ತಿತ್ತು. ಹುಲಿಗೆಮ್ಮ ವಿಡಿಯೋಗಳ ಹಿಂದೆ ಅಡಗಿದ್ದಳು. ಚಹಾ ಬಂತು, ಮುಗಿಯಿತು, ಲೋಟಗಳನ್ನು ತೆಗೆದುಕೊಂಡು ಹೋದರು. ಲ್ಯಾಪ್‌ಟಾಪ್ ಓಡುತ್ತಲೇ ಇತ್ತು.

"ಬ್ಯಾಟರಿ ಚಲೋ ಐತೆ," ಎಂದೆ.

ಮಾವ ಬಗ್ಗಿ ಪರದೆಯ ಮೂಲೆಯ ಪರ್ಸೆಂಟ್ ಓದಿದ, ಕಿತ್ತಿಟ್ಟ ಚಾರ್ಜರನ್ನೊಮ್ಮೆ ನೋಡಿದ.

ಹಾಗಾದರೆ ಕೆಟ್ಟದ್ದು ಒಳಗಿನ ಬೋರ್ಡು. ಬ್ಯಾಟರಿಯಲ್ಲ ಎನ್ನುವುದು ಸುಲಭ. ಮತ್ತೇನು ಎನ್ನುವುದು ಬೇರೆ.

ಚಾರ್ಜರ್ ತೆಗೆದು, ಬ್ಯಾಟರಿ ಬಿಡಿಸಿ, ಅಂಜಿನೇಯನ ಲ್ಯಾಪ್‌ಟಾಪಿನ ಬೋರ್ಡನ್ನು ಹೊರತೆಗೆದೆ. ಒಳಗೆಲ್ಲ ಕೆಂಪು. ಯಶವಂತನಗರದಿಂದ ಬರುವ ಪ್ರತಿಯೊಂದು ಲ್ಯಾಪ್‌ಟಾಪಿನ ಹೊಟ್ಟೆಯೂ ಹೀಗೆಯೇ. ಅದಿರಿನ ದೂಳು ಎಲ್ಲಿ ಬೇಕಾದರೂ ನುಗ್ಗುತ್ತದೆ. ಹಿಂದಿನ ಸಲ ಮಾವ ಬ್ಲೋವರ್ ಹಿಡಿದು ಊದಿ, "ದೂಳಣ್ಣ, ದೂಳು" ಎಂದು ಮುಚ್ಚಿದ್ದ. ನಾನೂ ಬ್ಲೋವರ್ ಹಿಡಿದೆ. ದೂಳು ಎದ್ದು ಹೋಯಿತು. ಬ್ಯಾಟರಿಯ ಸಾಕೆಟ್ಟಿನ ಹತ್ತಿರ ಒಂದು ಕೆಂಪು ಕಲೆ ಮಾತ್ರ ಹೋಗಲಿಲ್ಲ.

ಅದನ್ನು ಆಮೇಲೆ ನೋಡೋಣ ಎಂದು ಮೊದಲು ಮೀಟರ್ ಹಿಡಿದೆ. ಈ ಮಾದರಿಯಲ್ಲಿ ಬ್ಯಾಟರಿಗೆ ವಿದ್ಯುತ್ತು ತುಂಬುವ ದಾರಿ ಒಂದು, ಬ್ಯಾಟರಿಯಿಂದ ಬೋರ್ಡಿಗೆ ಹೊರಬರುವ ದಾರಿ ಇನ್ನೊಂದು. ಹೊರಬರುವ ದಾರಿಯಲ್ಲಿ ಮಾಸ್‌ಫೆಟ್ ಎಂಬ ಪುಟ್ಟ ಕಪ್ಪು ಸ್ವಿಚ್ಚು. ಚಾರ್ಜರ್ ಇರುವಾಗ ಅದು ಮುಚ್ಚಿಕೊಂಡಿರುತ್ತದೆ. ಚಾರ್ಜರ್ ಹೋದ ಗಳಿಗೆಯಲ್ಲಿ ತೆರೆದುಕೊಳ್ಳಬೇಕು. ಬ್ಯಾಟರಿ ಜೋಡಿಸಿ, ಮೀಟರಿನ ಮೊನೆ ಇಟ್ಟು, ಅಂಜಿನೇಯನಿಗೆ ಚಾರ್ಜರ್ ಕೀಳಲು ಹೇಳಿದೆ. ಸ್ವಿಚ್ಚಿನ ಬ್ಯಾಟರಿ ಕಡೆ ಹನ್ನೆರಡರ ಹತ್ತಿರ ವೋಲ್ಟು ಅಲುಗದೆ ನಿಂತಿತು. ಇನ್ನೊಂದು ಕಡೆ ಮೊನೆ ಇಟ್ಟು ಮತ್ತೆ ಕೀಳಿಸಿದೆ. ಅಂಕಿ ಬಾವಿಗೆ ಬಿದ್ದ ಕೊಡದ ಹಾಗೆ ಇಳಿಯಿತು.

"ಸಿಕ್ತು," ಎಂದೆ. "ಸ್ವಿಚ್ ಹೋಗೈತೆ."

ಗುಜರಿ ಡಬ್ಬಿಯಿಂದ ಅದೇ ನಂಬರಿನ ಸ್ವಿಚ್ಚು ಹುಡುಕಿದೆ. ಬಿಸಿಗಾಳಿಯಲ್ಲಿ ಹಳೆಯದನ್ನು ಎತ್ತಿ, ಹೊಸದನ್ನು ಕೂರಿಸಿ, ತಣ್ಣಗಾಗಲು ಬಿಟ್ಟೆ. ಮಾವ ದೂರ ನಿಂತು, ಸುಟ್ಟ ವಾಸನೆ ಬರುತ್ತದೆಯೇ ಎಂದು ಮೂಗು ಅರಳಿಸುತ್ತಿದ್ದ. ಜೋಡಿಸಿದೆ. ನೂರು ಪರ್ಸೆಂಟ್. ಕಿತ್ತೆ.

ಸತ್ತಿತು.

ಅಂಜಿನೇಯ ಮೆಲ್ಲಗೆ, "ಬಳ್ಳಾರಿಯವ ಎಷ್ಟ್ ಗಂಟೆಗೆ ಬರ್ತಾನೋ ಏನೋ," ಎಂದ.

ನಾನು ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ಎಸೆದೆ. ಅದು ಉರುಳಿ ಕೆಳಗೆ ಬಿತ್ತು, ಎತ್ತಲು ಮನಸ್ಸಾಗಲಿಲ್ಲ. ಸಾಕ್ಷಾತ್ ಕಣ್ಣ ಮುಂದೆ ವೋಲ್ಟು ಬೀಳುವುದನ್ನು ನೋಡಿ, ಬಿದ್ದ ಜಾಗದ ಸ್ವಿಚ್ಚನ್ನೇ ಬದಲಿಸಿ, ಮತ್ತೆ ಅದೇ! ಆ ಲ್ಯಾಪ್‌ಟಾಪನ್ನು ಎತ್ತಿ ತುಂಗಭದ್ರಾ ಕಾಲುವೆಗೆ ಹಾಕಿ ಬಂದರೆ ಎಷ್ಟು ಹಾಯಾಗಿರುತ್ತದೆ ಎಂದು ಕಲ್ಪಿಸಿಕೊಂಡೆ. ತೇಲಿಕೊಂಡು ಕಂಪ್ಲಿಯ ಗದ್ದೆಗಳವರೆಗೆ ಹೋಗಲಿ. ಬತ್ತದ ನಡುವೆ ನೂರು ಪರ್ಸೆಂಟ್ ಅಂತ ತೋರಿಸುತ್ತ ಮಲಗಲಿ.

ಕಂಪ್ಲಿ ಎಂದ ಕೂಡಲೇ ಅದರ ಹತ್ತಿರದ ಮೆಟ್ರಿ ಊರು ನೆನಪಾಯಿತು, ಮೆಟ್ರಿ ಎಂದರೆ ನಮ್ಮ ಅಜ್ಜಿ ಮುದುಕಮ್ಮ. ಸಣ್ಣವಳಿದ್ದಾಗ ಊಟಕ್ಕೆ ಹಟ ಮಾಡಿದರೆ ಅವಳು ಕಣಜದ ಕಾವಲುಗಾರನ ಕತೆ ಹೇಳುತ್ತಿದ್ದಳು. ಒಂದು ಕೋಟೆ. ಹೊರಗಿನ ದಿಡ್ಡಿಬಾಗಿಲಿಂದ ದಿನವೂ ದವಸ ಬರುತ್ತದೆ, ಜನ ಉಣ್ಣುತ್ತಾರೆ. ಒಳಗಿನ ಕಣಜವೂ ತುಂಬಿ ತುಳುಕುತ್ತದೆ. ಒಂದು ದಿನ ವೈರಿಗಳು ಬಂದು ದಿಡ್ಡಿ ಮುಚ್ಚಬೇಕಾಗುತ್ತದೆ. ಕಣಜ ತುಂಬಿದೆ, ಊರು ಉಪವಾಸ. ರಾಜನಿಗೆ ಸಿಟ್ಟು ಬಂದು ಕಾವಲುಗಾರನ ತಲೆ ತೆಗೆಸುತ್ತಾನೆ. ಇನ್ನೊಬ್ಬನನ್ನು ನಿಲ್ಲಿಸುತ್ತಾನೆ. ಅವನೂ ಬಾಗಿಲು ತೆಗೆಯುವುದಿಲ್ಲ! ನಾನು ತುತ್ತು ನುಂಗುವುದನ್ನು ಮರೆತು, ಯಾಕ ಅಜ್ಜಿ, ಯಾಕ ಎನ್ನುತ್ತಿದ್ದೆ. "ಅವನದೇನ್ ತಪ್ಪವ್ವಾ? ತಗೀ ಅಂತ ಹೇಳಿಕಳಿಸಿದ ಓಲೆಕಾರ ದಾರ್ಯಾಗ ಇರುವಿ ಕಡಿಸ್ಕೊಂಡು ಬಿದ್ದಿದ್ದ. ಮಾತು ಮುಟ್ಟಬೇಕಲ್ಲ?" ಎಂದು ಇನ್ನೊಂದು ತುತ್ತು ಇಡುತ್ತಿದ್ದಳು.

ಮಾತು ಮುಟ್ಟಬೇಕಲ್ಲ.

ಎದ್ದು ಸ್ಕ್ರೂಡ್ರೈವರ್ ಹುಡುಕಿದೆ.

ಸ್ವಿಚ್ಚು ತಾನಾಗಿ ತೆರೆಯುವುದಿಲ್ಲ. ಚಾರ್ಜಿಂಗ್ ಚಿಪ್ಪಿನಿಂದ ಒಂದು ಸಣ್ಣ ಗೆರೆಯ ಮೂಲಕ ಅದಕ್ಕೆ ಅಪ್ಪಣೆ ಬರಬೇಕು. ಆ ಗೆರೆಯ ನಡುವೆ ಎಳ್ಳಿನ ಕಾಳಿನಷ್ಟು ಒಂದು ರೆಸಿಸ್ಟರ್. ಅದು ಕೂತಿದ್ದದ್ದು ಸರಿಯಾಗಿ ಆ ಹೋಗದ ಕೆಂಪು ಕಲೆಯ ಕೆಳಗೆ.

ಹತ್ತಿಯ ಕಡ್ಡಿಯನ್ನು ಐಸೊಪ್ರೊಪೈಲ್ ಸ್ಪಿರಿಟ್ಟಿನಲ್ಲಿ ಅದ್ದಿ ಕಲೆಯ ಮೇಲೆ ಒರೆಸಿದೆ. ಅದಿರಿನ ದೂಳಾದರೆ ಕಂದು ಕೆಸರು ಅಂಟುತ್ತದೆ, ಎಷ್ಟು ಕಂಡಿದ್ದೇನೆ. ಕಡ್ಡಿಯ ತುದಿ ಅರಿಶಿನ ಬಣ್ಣಕ್ಕೆ ತಿರುಗಿತು. ಇನ್ನೊಮ್ಮೆ ಒರೆಸಿದೆ. ಅಂಚಿನಲ್ಲಿ ಕೆಂಪು, ನಡುವೆ ಹಳದಿ. ಕಲೆಯ ತಳದಲ್ಲಿ ಹಸಿರು ಕಿಲುಬು, ಅಂಟಂಟು.

"ಅಣ್ಣಾ, ಇದರ ಮ್ಯಾಲ ಏನ್ ಚೆಲ್ಲಿದ್ರಿ?"

"ಏನೂ ಚೆಲ್ಲಿಲ್ಲ."

"ಚಹಾ? ನೀರು?"

"ಅಯ್ಯ, ಆಣಿ ಮಾಡ್ಲೇನು? ಅನ್ನ ಹಾಕೋ ಸಾಮಾನದು. ಹತ್ರ ನೀರಿನ ಬಾಟ್ಲಿ ಸೈತ ಬಿಡಲ್ಲ ನಾನು. ನಿಮ್ಮ ಮಾವನೂ ಎರಡೆರಡ್ ಸಲ ಕೇಳಿದ, ಇದನ್ನ ಹೇಳಿದೆ."

"ದಸರಾದಾಗ ಎಲ್ಲಿತ್ತು ಇದು?"

"ಎಲ್ಲಿರ್ತೈತೆ, ಪೂಜೆಗಿತ್ತು. ಜಾಕು, ಪಾನಾ, ಇನ್ವರ್ಟರ್ ಎಲ್ಲ ಸಾಲಾಗಿ ಜೋಡ್ಸಿ, ನಡುವ ಇದನ್ನ ಇಟ್ಟು..." ಅಂಜಿನೇಯನ ಮಾತು ನಿಧಾನವಾಯಿತು. "ನಮ್ಮವ್ವ ವಿರುಪಮ್ಮ ಅರಿಶಿನ ಕುಂಕುಮ ಹಚ್ಚಿದ್ಲು."

"ಒಣಾದೋ, ಕಲಿಸಿದ್ದೋ?"

"ಕಲಿಸಿದ್ದ. ಒಣಾದು ನಿಲ್ಲಂಗಿಲ್ಲಲ್ಲ. ಆಮ್ಯಾಲ ಕಾಯಿ ಒಡದು ಎಲ್ಲಾದಕ್ಕೂ ನೀರು ಚಿಮಕಿಸಿದೆ. ಇದಕ್ಕ ಸ್ವಲ್ಪ ಜಾಸ್ತಿನ. ಹೊಸ ಬ್ಯಾಟರಿ ಹಾಕ್ಸಿದ್ನಲ್ಲ, ಚಲೋತಂಗ ಬಾಳಿಕಿ ಬರ್ಲಿ ಅಂತ."

ಮಾವ ಹಣೆ ಬಡಿದುಕೊಂಡ. "ಚೆಲ್ಲಿಲ್ಲ ಅಂದ್ಯಲ್ಲೋ!"

"ಪಾಲಪ್ಪಣ್ಣ, ತೆಂಗಿನಕಾಯಿ ನೀರು ಚಿಮಕಿಸಾದು ಚೆಲ್ಲಾದು ಹೆಂಗಾಗ್ತೈತ್ರಿ? ಅದು ದೇವರ ಕೆಲಸ!"

ಅವನು ಸುಳ್ಳು ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಕೇಳಿದ್ದರೂ ಅದೇ ಉತ್ತರ ಸಿಗುತ್ತಿತ್ತು. ಮಾವನ ಕಣ್ಣು ತಾನಾಗಿಯೇ ಬಿಲ್ಲಿನ ಲ್ಯಾಪ್‌ಟಾಪಿನ ಕಡೆ ಹೊರಳಿದ್ದನ್ನು ನಾನು ನೋಡಿದೆ. ಅದರ ಮೂಲೆಯಲ್ಲೂ ಒಂದು ಬೊಟ್ಟು ಒಣಗಿ ಕೂತಿತ್ತು, ಪುಣ್ಯಕ್ಕೆ ಗಾಳಿಕಿಂಡಿಯಿಂದ ದೂರ.

ಗಾಳಿಕಿಂಡಿಯಿಂದ ಒಳಗಿಳಿದ ಕಾಯಿನೀರಿನ ಉಪ್ಪು, ಸಕ್ಕರೆ, ಹರಿಯುವ ವಿದ್ಯುತ್ತು ಎಲ್ಲ ಸೇರಿ ಗೆರೆಯನ್ನು ಸ್ವಲ್ಪಸ್ವಲ್ಪವೇ ತಿಂದಿದ್ದವು. ಅದಕ್ಕೇ ಮೊದಲು ಅಪ್ಪಣೆ ಅರೆಬರೆ ಮುಟ್ಟುತ್ತಿತ್ತು; ಸ್ವಿಚ್ಚು ಅರ್ಧ ತೆರೆದು, ಚಹಾ ಕುಡಿಯುವಷ್ಟು ಹೊತ್ತು ಖಾಲಿ ಕೂತ ಲ್ಯಾಪ್‌ಟಾಪನ್ನು ಸಾಕುತ್ತಿತ್ತು. ಯಾರ್ಡಿನಲ್ಲಿ ಭಾರ ಬಿದ್ದಾಗ ಕೈಬಿಡುತ್ತಿತ್ತು. ಈಗ ಅಪ್ಪಣೆ ಮುಟ್ಟುವುದೇ ಇಲ್ಲ. ಮೀಟರ್ ಇಟ್ಟೆ. ರೆಸಿಸ್ಟರಿನ ಈ ತುದಿಗೂ ಆ ತುದಿಗೂ ಸಂಬಂಧವೇ ಇರಲಿಲ್ಲ. ಮಾವ, ಕೇಳದೆಯೇ, ತನ್ನ ಕಣ್ಮಣಿಯನ್ನು ಮತ್ತೆ ಬಿಚ್ಚಿ ನನ್ನ ಮುಂದಿಟ್ಟ. ಅದರ ಬೋರ್ಡಿನಲ್ಲಿ ಅದೇ ಜಾಗಕ್ಕೆ ಮೊನೆ ಮುಟ್ಟಿಸಿ ಇರಬೇಕಾದ ಬೆಲೆ ಓದಿಕೊಂಡೆ.

ಕಿಲುಬು ಕೆರೆದು, ತೊಳೆದು, ಒಣಗಿಸಿ, ಗುಜರಿ ಬೋರ್ಡಿನಿಂದ ಅದೇ ಬೆಲೆಯ ರೆಸಿಸ್ಟರ್ ಎತ್ತಿ ಇಟ್ಟೆ. ಒಮ್ಮೆ ಅದು ಚಿಮಟದಿಂದ ಹಾರಿ ಕಾಣೆಯಾಯಿತು. ನಾವು ಮೂವರೂ ನೆಲದ ಮೇಲೆ ಮೊಳಕಾಲೂರಿದೆವು, ಸಿಗಲಿಲ್ಲ, ಇನ್ನೊಂದನ್ನು ಕಿತ್ತೆ. ಗೆರೆ ತಿಂದುಹೋದ ಕಡೆ ಕೂದಲೆಳೆಯಂಥ ತಾಮ್ರದ ತಂತಿ ಬೆಸೆದೆ. ತಂತಿಯ ತುದಿ ಜಾರಿದಾಗಲೆಲ್ಲ ಮಾವ, "ಉಸಿರು ಬಿಡಬ್ಯಾಡ, ಉಸಿರು ಬಿಡಬ್ಯಾಡ" ಎನ್ನುತ್ತಿದ್ದ. ಅದರಿಂದ ಇನ್ನಷ್ಟು ಜಾರುತ್ತಿತ್ತು.

ಜೋಡಿಸಿ, ಕಿತ್ತೆ. ಪರದೆ ಸ್ವಲ್ಪ ಮಂಕಾಯಿತು, ನಿಂತಿತು.

"ಚಹಾ ಹೇಳ್ಲೇನು?" ಎಂದ ಮಾವ.

"ಚಹಾ ಬ್ಯಾಡ. ಬ್ಯಾಟರಿ ಖಾಲಿ ಆಗಾತನ ಓಡ್ಲಿ."

ಭಾರ ಹಾಕಿ, ಬ್ಯಾಟರಿ ಪೂರ್ತಿ ಇಳಿಯುವವರೆಗೂ ಓಡಿಸಿ, ಮತ್ತೆ ತುಂಬಿಸಿದ ಮೇಲೆಯೇ ಅಂಗಡಿ ಮುಚ್ಚಿದೆವು. ಆದರೂ ಅಂಜಿನೇಯನಿಗೆ ನಂಬಿಕೆ ಬರಲಿಲ್ಲ. ಬರುವುದಾದರೂ ಹೇಗೆ? ಎರಡು ಸಲ ನಮ್ಮ ಮಾತು ನಂಬಿ ಕೆಟ್ಟಿದ್ದ. "ನೀನೂ ಬಾ ತಂಗಿ. ಅಲ್ಲೇನಾರ ಸತ್ರ ಮಹಾಂತೇಶನ ಬೈಗುಳ ನಾನೊಬ್ನ ಯಾಕ ತಿನ್ನಬೇಕು?"

ಮರುದಿನ ಬೆಳಿಗ್ಗೆ ಸಂಡೂರು ಬಸ್ಸು ಹತ್ತಿ, ಅಲ್ಲಿಂದ ಅವನ ಬೈಕಿನಲ್ಲಿ ಯಾರ್ಡಿಗೆ ಹೋದೆ. ನಿಂತ ಟಿಪ್ಪರಿನ ಸುತ್ತ ನಾಲ್ಕಾರು ಡ್ರೈವರುಗಳು. ಮಹಾಂತೇಶ ಹೆಲ್ಮೆಟ್ಟನ್ನು ಕಂಕುಳಲ್ಲಿ ಒತ್ತಿಕೊಂಡು, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನಲೇ, ಈ ಸಲ ಡಾಕ್ಟ್ರನ್ನ ಜೊತಿಗೇ ಕರ್ಕೊಂಡ್ ಬಂದಿಯಾ?" ಎಂದ.

"ಪೇಷಂಟ್ ಸೀರಿಯಸ್ ಇದ್ನಲ್ರಿ," ಅಂಜಿನೇಯ ಹಲ್ಲು ಕಿರಿದ. ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು.

ಇನ್ವರ್ಟರಿನ ಕ್ಲಿಪ್ಪು ಕಚ್ಚಿಸಿದ, ಒಬ್ಬ ಡ್ರೈವರನನ್ನು ಅದನ್ನೇ ಕಾಯಲು ನಿಲ್ಲಿಸಿದ. ಬರೆಯುವುದು ಶುರುವಾಯಿತು. ಪಟ್ಟಿ ನಿಧಾನವಾಗಿ ತುಂಬುತ್ತ ಹೋಯಿತು. ಅರ್ಧಕ್ಕೆ ಬಂತು. ಹೋದ ವಾರ ನಿಂತ ಜಾಗ ದಾಟಿತು. ಮುಗಿಯಿತು. ಇನ್ನುಳಿದದ್ದು ಸ್ಟಾರ್ಟರ್: ಎಂಜಿನ್ ತಿರುಗುತ್ತಿರುವಾಗಲೇ ಲ್ಯಾಪ್‌ಟಾಪ್ ಪ್ರತಿಯೊಂದು ಸಿಲಿಂಡರನ್ನೂ ಓದಿ ಒಪ್ಪಬೇಕು, ಇಲ್ಲವೆಂದರೆ ಮತ್ತೆ ಮೊದಲಿಂದ.

"ತಿರುಗ್ಸು," ಎಂದ ಅಂಜಿನೇಯ.

ಡ್ರೈವರ್ ಕೀಲಿ ತಿರುಗಿಸಿದ. ಲಾರಿ ನರಳಿತು. ಇನ್ವರ್ಟರ್ ಕೀರಲಿಟ್ಟಿತು, ಅದರ ಹಸಿರು ದೀಪ ಆರಿತು. ಲ್ಯಾಪ್‌ಟಾಪಿನ ಪರದೆ ಮಂಕಾಯಿತು.

"ಹೋತು," ಎಂದ ಮಹಾಂತೇಶ, ಜೇಬಿನಿಂದ ಫೋನು ತೆಗೆಯುತ್ತ.

ಮಂಕಾದದ್ದು ಅಷ್ಟಕ್ಕೇ ನಿಂತಿತು. ಅಂಕಿಗಳು ಓಡುತ್ತಲೇ ಇದ್ದವು. ಒಂದು ಸಿಲಿಂಡರ್, ಇನ್ನೊಂದು, ಮತ್ತೊಂದು. ಕೊನೆಯದರ ಪಕ್ಕ ಹಸಿರು ಗುರುತು ಬೀಳುವಾಗಲೇ ಟಿಪ್ಪರ್ ಕಪ್ಪು ಹೊಗೆ ಉಗುಳಿ, ಇಡೀ ಮೈ ಕೊಡವಿ, ಎದ್ದಿತು. ಡ್ರೈವರುಗಳು ಸಿಳ್ಳೆ ಹಾಕಿದರು. ಮಹಾಂತೇಶ ಫೋನನ್ನು ಕಿವಿಗೆ ಹಿಡಿದಿದ್ದವನು, "ಹ್ಞಾಂ, ಬ್ಯಾಡ, ಬರೋದು ಬ್ಯಾಡ ಬಿಡ್ರಿ," ಎಂದು ಇಟ್ಟು, ನಮ್ಮ ಕಡೆ ನೋಡದೆ, "ಆ ಕಡಿ ಸಾಲಿನಾಗ ಇನ್ನೊಂದ್ ನಿಂತೈತೆ, ಅದನ್ನೂ ನೋಡಿಬಿಡು," ಎಂದು ಹೊರಟುಹೋದ. ಹೊಗಳಿಕೆ ಇಷ್ಟೇ ಎಂದು ಅಂಜಿನೇಯನ ಮುಖ ನೋಡಿ ತಿಳಿದುಕೊಂಡೆ. ಅವನಿಗೆ ಅದೇ ಸಾಕಾಗಿತ್ತು.

ನಾನು ಪಕ್ಕದಲ್ಲಿ ಬಿದ್ದಿದ್ದ ಹಳೆಯ ಟೈರಿನ ಮೇಲೆ ಕುಳಿತು ನೀರು ಕುಡಿಯುತ್ತಿದ್ದೆ. ನೋಡಿದರೆ ಅಂಜಿನೇಯ ಲ್ಯಾಪ್‌ಟಾಪನ್ನು ಟಿಪ್ಪರಿನ ಬಂಪರಿನ ಮೇಲಿಟ್ಟು, ಡ್ರೈವರನ ಕ್ಯಾಬಿನ್ನಿನಿಂದ ಒಂದು ತೆಂಗಿನಕಾಯಿ ಇಸಿದುಕೊಳ್ಳುತ್ತಿದ್ದಾನೆ.

"ಅಣ್ಣಾ!"

ಕಿರುಚಿದ್ದು ಯಾರ್ಡಿಗೆಲ್ಲ ಕೇಳಿರಬೇಕು. ಓಡಿ ಹೋಗಿ ಲ್ಯಾಪ್‌ಟಾಪನ್ನು ಎದೆಗೆ ಅವುಚಿಕೊಂಡೆ.

"ಗಾಡಿಗೆ ತಂಗಿ, ಗಾಡಿಗೆ!" ಅವನು ಕಾಯಿ ಹಿಡಿದೇ ಹಿಂದೆ ಸರಿದ. "ಇದಕ್ಕಲ್ಲ."

"ಗಾಡಿಗೂ ಬ್ಯಾಡ. ಅದರಾಗೂ ಕಂಪ್ಯೂಟರ್ ಐತೆ."

ಅವನು ಟಿಪ್ಪರನ್ನು ನೋಡಿದ, ಕಾಯಿ ನೋಡಿದ, ನನ್ನನ್ನು ನೋಡಿದ. "ಹಂಗಾರ ಎಲ್ಲಿ ಒಡೀಲಿ?"

"ಟೈರಿಗೆ ಒಡೀರಿ," ಎಂದೆ. ಲ್ಯಾಪ್‌ಟಾಪನ್ನು ಅವನ ಚೀಲದೊಳಗೆ ಹಾಕಿ ಜಿಪ್ಪು ಎಳೆದೆ, ಚೀಲವನ್ನು ಹೆಗಲಿಗೆ ಹಾಕಿಕೊಂಡು ದೂರ ನಿಂತೆ. ಅವನು ಒಡೆದು ಮುಗಿಸಿ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಎರಡೂ ಅಂಗೈ ಒಣಗಿವೆಯೆಂದು ತೋರಿಸಿದ ಮೇಲೆಯೇ ಕೊಟ್ಟೆ.